ಫ್ರೀ ಡಿಶ್ ಬಾಕ್ಸ್ ಕೂರಿಸಿ ಕನ್ನಡ ಚಾನೆಲ್ ಹುಡುಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಡಿಡಿ ಫ್ರೀ ಡಿಶ್ ಹಾಕಿಸಿಕೊಳ್ಳುವ ನೆಂಟರು, ಅಕ್ಕಪಕ್ಕದ ಮನೆಯವರು ನನ್ನನ್ನು ಕೇಳುತ್ತಲೇ ಇರುತ್ತಾರೆ. ಹೆಚ್ಚಿನವರ ತೊಂದರೆ ಒಂದೇ. ಡಿಶ್ ನಿಲ್ಲಿಸುತ್ತಾರೆ, ಬಾಕ್ಸ್ ಆನ್ ಮಾಡುತ್ತಾರೆ, ಸ್ಕ್ಯಾನ್ ಒತ್ತುತ್ತಾರೆ. ಸೊನ್ನೆ ಚಾನೆಲ್ ಅಂತ ಬರುತ್ತದೆ. ಮತ್ತೆ ಸ್ಕ್ಯಾನ್, ಮತ್ತೆ ಸೊನ್ನೆ. ಸ್ಕ್ಯಾನ್ ಸಿಗ್ನಲ್ ತಂದುಕೊಡುವುದಿಲ್ಲ, ಸಿಕ್ಕಿರುವ ಸಿಗ್ನಲ್‌ನಲ್ಲಿ ಏನೇನಿದೆ ಅಂತ ಪಟ್ಟಿ ಮಾಡುತ್ತದೆ ಅಷ್ಟೇ. ಡಿಶ್ ಸರಿಯಾದ ಕಡೆ ನೋಡದಿದ್ದರೆ ನೂರು ಸಲ ಸ್ಕ್ಯಾನ್ ಮಾಡಿದರೂ ಫಲ ಇಲ್ಲ. ಹಾಗಾಗಿ ಕೆಳಗಿನ ಉತ್ತರಗಳಲ್ಲಿ ಡಿಶ್ ತಿರುಗಿಸುವ ವಿಷಯವೇ ಜಾಸ್ತಿ.

## ಮಾಳಿಗೆ ಮೇಲೆ ಹಳೇ ಆಂಟೆನಾ ಇದೆ, ಮೀನಿನ ಮುಳ್ಳಿನ ಥರದ್ದು. ಅದನ್ನೇ ಬಾಕ್ಸ್‌ಗೆ ಚುಚ್ಚಿದರೆ ಆಗುತ್ತಾ?

ಆಗುವುದಿಲ್ಲ. ಆ ಆಂಟೆನಾ ನೆಲದ ಮೇಲಿನ ಟವರ್‌ನಿಂದ ಬರುತ್ತಿದ್ದ ದೂರದರ್ಶನಕ್ಕೆ ಇದ್ದದ್ದು. ಆ ಅನಲಾಗ್ ಪ್ರಸಾರ ಈಗ ಬಹುತೇಕ ಎಲ್ಲ ಕಡೆ ನಿಂತಿದೆ. 2016ರಲ್ಲಿ ಬೆಂಗಳೂರೂ ಸೇರಿ ಕೆಲವು ನಗರಗಳಲ್ಲಿ ಟವರ್‌ನಿಂದಲೇ ಡಿಜಿಟಲ್ ಪ್ರಸಾರ ಶುರುವಾಯಿತು. ಅದು ಡಿವಿಬಿ-ಟಿ2 ಎಂಬ ಬೇರೆ ಪದ್ಧತಿ, ಅದಕ್ಕೆ ಬೇರೆ ಟ್ಯೂನರ್ ಬೇಕು. ಫ್ರೀ ಡಿಶ್ ಬಾಕ್ಸ್‌ಗೆ ಉಪಗ್ರಹದ ಸಿಗ್ನಲ್ ಮಾತ್ರ ಅರ್ಥವಾಗುತ್ತದೆ. ಹಳೇ ಆಂಟೆನಾದ ಕಂಬ ಗಟ್ಟಿಯಾಗಿದ್ದರೆ ಅದನ್ನು ಇಟ್ಟುಕೊಳ್ಳಿ, ಡಿಶ್ ಕೂರಿಸಲು ಬರುತ್ತದೆ.

## ಫ್ರೀ ಡಿಶ್‌ನಲ್ಲಿ ಯಾವ ಕನ್ನಡ ಚಾನೆಲ್ ಸಿಗುತ್ತದೆ?

ಇದನ್ನು ಡಿಶ್ ಕೊಳ್ಳುವ ಮೊದಲೇ ತಿಳಿದುಕೊಳ್ಳಿ. ಖಚಿತವಾಗಿ ಸಿಗುವುದು ಡಿಡಿ ಚಂದನ. ರೇಡಿಯೋ ಪಟ್ಟಿಯಲ್ಲಿ ಆಕಾಶವಾಣಿಯ ಕನ್ನಡ ಪ್ರಸಾರ ಇದೆ. ರಿಮೋಟ್‌ನಲ್ಲಿ `TV/RADIO` ಒತ್ತಿದರೆ ಆ ಪಟ್ಟಿ ತೆರೆಯುತ್ತದೆ, ಎಷ್ಟೋ ಮನೆಗಳಲ್ಲಿ ಅದು ಇದೆ ಅಂತಲೇ ಗೊತ್ತಿರುವುದಿಲ್ಲ. ಶಾಲೆ ಪಾಠಗಳ ಪಿಎಂ ಇ-ವಿದ್ಯಾ ಚಾನೆಲ್‌ಗಳೂ ಬರುತ್ತವೆ.

ಜೀ ಕನ್ನಡ, ಕಲರ್ಸ್ ಕನ್ನಡ, ಉದಯ ಟಿವಿ ಇವೆಲ್ಲ ದುಡ್ಡು ಕೊಟ್ಟು ನೋಡುವ ಚಾನೆಲ್‌ಗಳು. ಸಂಜೆ ಧಾರಾವಾಹಿ ಇಲ್ಲದೆ ಮನೆ ನಡೆಯುವುದಿಲ್ಲ ಅನ್ನುವವರಿಗೆ ಫ್ರೀ ಡಿಶ್ ಒಂದೇ ಸಾಲುವುದಿಲ್ಲ. ಖಾಸಗಿ ಚಾನೆಲ್‌ಗಳು ಪ್ರಸಾರ ಭಾರತಿಯ ಹರಾಜಿನಲ್ಲಿ ಜಾಗ ಹಿಡಿದು ಇಲ್ಲಿಗೆ ಬರುತ್ತವೆ. ಅದಕ್ಕೇ ಪಟ್ಟಿ ಆಗಾಗ ಬದಲಾಗುತ್ತದೆ. ಇವತ್ತು ಇದ್ದದ್ದು ಮುಂದಿನ ವರ್ಷ ಇಲ್ಲದೆ ಹೋಗಬಹುದು.

## ಯಾವ ಬಾಕ್ಸ್ ತಗೊಳ್ಳಬೇಕು?

ಎಂಪೆಗ್-4 ಅಂತ ಬರೆದಿರುವುದನ್ನೇ ತಗೊಳ್ಳಿ. ಹಳೇ ಎಂಪೆಗ್-2 ಬಾಕ್ಸ್‌ಗೆ ಒಂದಷ್ಟು ಚಾನೆಲ್ ಮಾತ್ರ ಸಿಗುತ್ತದೆ, ಉಳಿದವನ್ನು ಅದು ಪಟ್ಟಿಗೇ ಸೇರಿಸುವುದಿಲ್ಲ. "ಪಕ್ಕದ ಮನೆಯಲ್ಲಿ ಬರುತ್ತೆ, ನಮ್ಮಲ್ಲಿ ಬರಲ್ಲ" ಅಂದಾಗ, ಎರಡೂ ಮನೆಯ ಡಿಶ್ ಸರಿಯಾಗಿದ್ದರೆ, ಕಾರಣ ಬಹಳ ಸಲ ಇದೇ.

ಹಳೇ ಡಬ್ಬಾ ಟಿವಿ ಇದ್ದರೆ ಬಾಕ್ಸ್ ಹಿಂದೆ ಕೆಂಪು, ಬಿಳಿ, ಹಳದಿ ತೂತುಗಳ ಎವಿ ಔಟ್ ಇದೆಯಾ ಅಂತ ಅಂಗಡಿಯಲ್ಲೇ ನೋಡಿಕೊಳ್ಳಿ. ಹೊಸ ಟಿವಿಗೆ ಎಚ್‌ಡಿಎಂಐ ಕೇಬಲ್ ಸಾಕು. ಟಿವಿ ಪೂರ್ತಿ ಕಪ್ಪಾಗಿದ್ದು ಬಾಕ್ಸ್‌ನ ಮೆನುವೂ ಕಾಣದಿದ್ದರೆ ಡಿಶ್ ಹತ್ತಿರ ಹೋಗಬೇಡಿ. ಟಿವಿ ರಿಮೋಟ್‌ನಲ್ಲಿ ಸೋರ್ಸ್ ಬದಲಿಸಿ, ಮೊದಲು ಮೆನು ಕಾಣುವ ಹಾಗೆ ಮಾಡಿ.

## ಬೇರೆ ಕಂಪನಿಯ ಡಿಶ್ ಸುಮ್ನೆ ಬಿದ್ದಿದೆ. ಅದನ್ನೇ ಬಳಸಬಹುದಾ?

ಡಿಶ್, ಕೇಬಲ್, ಎಲ್‌ಎನ್‌ಬಿ ಬಳಸಬಹುದು. ಅವರ ಬಾಕ್ಸ್ ಮಾತ್ರ ಕೆಲಸಕ್ಕೆ ಬರುವುದಿಲ್ಲ. ಡಿಶ್‌ನ ಮುಂದೆ ಕೋಲಿನ ತುದಿಯಲ್ಲಿ ಕೂತಿರುತ್ತದಲ್ಲ, ಅದೇ ಎಲ್‌ಎನ್‌ಬಿ. ಅದರ ಮೇಲಿನ ಚೀಟಿಯಲ್ಲಿ 9750/10600 ಅಂತ ಇದ್ದರೆ ಸಾಕು.

ಫ್ರೀ ಡಿಶ್ ಬರುವುದು ಜಿಸ್ಯಾಟ್-15 ಉಪಗ್ರಹದಿಂದ, ಅದು ಇರುವುದು ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿ. ಸನ್ ಡೈರೆಕ್ಟ್ ಕೂಡ ಇದೇ ಜಾಗದಿಂದ ಬರುತ್ತದೆ. ಹಾಗಾಗಿ ಅವರ ಡಿಶ್ ಇದ್ದರೆ ಮೊದಲು ಏನೂ ಅಲ್ಲಾಡಿಸದೆ ಹೊಸ ಬಾಕ್ಸ್ ಜೋಡಿಸಿ ನೋಡಿ. ಡಿಶ್ ಟಿವಿಯದು 95 ಡಿಗ್ರಿ, ಅಂದರೆ ಪಕ್ಕದಲ್ಲೇ. ಬೆಂಗಳೂರಿನ ಲೆಕ್ಕದಲ್ಲಿ ಅದರ ಡಿಶ್ಶನ್ನು ಎರಡೂವರೆ ಡಿಗ್ರಿಯಷ್ಟು ದಕ್ಷಿಣಕ್ಕೆ ತಿರುಗಿಸಿ ಒಂದೂವರೆ ಡಿಗ್ರಿಯಷ್ಟು ಮೇಲಕ್ಕೆ ಎತ್ತಬೇಕು. 60 ಸೆಂಟಿಮೀಟರ್ ಡಿಶ್‌ನ ಅಂಚು ಅರ್ಧ ಸೆಂಟಿಮೀಟರ್ ಸರಿದರೆ ಒಂದು ಡಿಗ್ರಿ. ಅಂದರೆ ಬೆರಳಗಲ ತಿರುಗಿಸುವ ಕೆಲಸ ಅಷ್ಟೇ, ಪೂರ್ತಿ ಬಿಚ್ಚಿ ಹೊಸದಾಗಿ ಶುರು ಮಾಡುವುದು ಬೇಡ.

ಟಾಟಾ ಪ್ಲೇ, ಏರ್‌ಟೆಲ್ ಡಿಶ್‌ಗಳು ದೂರದ ಬೇರೆ ಉಪಗ್ರಹಗಳ ಕಡೆ ನೋಡುತ್ತಿರುತ್ತವೆ. ಅವನ್ನು ಮೊದಲಿಂದಲೇ ತಿರುಗಿಸಬೇಕು.

## ಡಿಶ್ ಯಾವ ದಿಕ್ಕಿಗೆ ನೋಡಬೇಕು?

ಆಗ್ನೇಯಕ್ಕೆ. ವಾಸ್ತು ಹೇಳುವವರು ಅಡುಗೆಮನೆ ಇರಬೇಕು ಅನ್ನುವ ಮೂಲೆ. ಆದರೆ ನಿಮ್ಮ ಮನೆ ದಿಕ್ಕಿಗೆ ಸರಿಯಾಗಿ ಕೂತಿರಲೇಬೇಕು ಅಂತ ಏನಿಲ್ಲ, ಅದಕ್ಕೆ ಗೋಡೆ ನೋಡಿ ಅಂದಾಜು ಮಾಡಬೇಡಿ. ಫೋನಿನ ಕಂಪಾಸ್ ಸಾಕು. ಕಂಬದ ಪಕ್ಕ ನಿಂತು ನೋಡಬೇಡಿ, ಕಬ್ಬಿಣಕ್ಕೆ ಕಂಪಾಸ್ ತಪ್ಪು ಹೇಳುತ್ತದೆ. ಎರಡು ಮೂರು ಮೀಟರ್ ದೂರ ಹೋಗಿ ದಿಕ್ಕು ಹಿಡಿದು, ಆ ಕಡೆ ಕಾಣುವ ಯಾವುದಾದರೂ ಮರವನ್ನೋ ಟ್ಯಾಂಕನ್ನೋ ಗುರುತು ಇಟ್ಟುಕೊಳ್ಳಿ.

ನಾನು ಲೆಕ್ಕ ಹಾಕಿದ ಕೋನಗಳು ಇವು. ಮೊದಲನೆಯದು ಉತ್ತರವನ್ನು ಸೊನ್ನೆ ಅಂತ ಇಟ್ಟುಕೊಂಡು ಪೂರ್ವದ ಕಡೆಗೆ ಎಣಿಸಿದ ದಿಕ್ಕು, ಎರಡನೆಯದು ನೆಲದಿಂದ ಮೇಲಕ್ಕೆ ಎತ್ತರ. ಬೆಂಗಳೂರಿನಲ್ಲಿ 128 ಮತ್ತು 66. ಮಂಗಳೂರಿನಲ್ಲಿ 123 ಮತ್ತು 64. ಶಿರಸಿಯಲ್ಲಿ 127 ಮತ್ತು 62. ಬೀದರ್‌ನಲ್ಲಿ 137 ಮತ್ತು 62. ನಿಮ್ಮ ಊರು ಇವುಗಳ ನಡುವೆ ಎಲ್ಲೋ ಇರುತ್ತದೆ. ಒಂದೆರಡು ಡಿಗ್ರಿ ಆಚೀಚೆಯಾದರೆ ಚಿಂತೆ ಇಲ್ಲ, ಕೊನೆಗೆ ಹೇಗೂ ಬಾಕ್ಸ್ ಟಿವಿಯಲ್ಲಿ ತೋರಿಸುವ ಸಿಗ್ನಲ್ ಮೀಟರ್ ನೋಡಿಯೇ ಸರಿ ಮಾಡಬೇಕು.

## 66 ಡಿಗ್ರಿ ಅಂದರೆ ಡಿಶ್ ಆಕಾಶ ನೋಡುತ್ತಾ ಮಲಗಿರಬೇಕಲ್ವಾ? ನಮ್ಮ ಬೀದಿಯಲ್ಲಿ ಯಾವುದೂ ಹಾಗಿಲ್ಲ.

ಈ ಅನುಮಾನ ಬಹಳ ಜನರಿಗೆ ಬರುತ್ತದೆ. ಇಲ್ಲೇ ಎಡವುವವರೂ ಜಾಸ್ತಿ. ಮನೆಗಳಿಗೆ ಹಾಕುವ ಡಿಶ್‌ನಲ್ಲಿ ಎಲ್‌ಎನ್‌ಬಿ ನಡುಮಧ್ಯೆ ಇರುವುದಿಲ್ಲ, ಕೆಳಗಿನಿಂದ ಚಾಚಿಕೊಂಡಿರುತ್ತದೆ. ಅಂಥ ಡಿಶ್ ನೇರವಾಗಿ ಗೋಡೆಯಂತೆ ನಿಂತಿದ್ದರೂ ಆಗಲೇ ಸುಮಾರು 24 ಡಿಗ್ರಿ ಮೇಲಕ್ಕೆ ನೋಡುತ್ತಿರುತ್ತದೆ. ಹಾಗಾಗಿ ಬೆಂಗಳೂರಿನಲ್ಲಿ 66 ಬೇಕಾದರೆ ಡಿಶ್‌ನ ಮುಖ ಹಿಂದಕ್ಕೆ ವಾಲಬೇಕಾದದ್ದು 42 ಡಿಗ್ರಿಯಷ್ಟು ಮಾತ್ರ. ಡಿಶ್‌ನ ಮೇಲಂಚಿನಿಂದ ಕೆಳಂಚಿಗೆ ಒಂದು ನೇರ ಪಟ್ಟಿ ಇಟ್ಟು, ಅದರ ಮೇಲೆ ಫೋನಿನ ಕೋನ ಅಳೆಯುವ ಆ್ಯಪ್ ಇಟ್ಟು ನೋಡಿದರೆ ಗೊತ್ತಾಗುತ್ತದೆ. ಹಿಂದಿನ ಕ್ಲ್ಯಾಂಪ್ ಮೇಲೆ ಡಿಗ್ರಿ ಗೆರೆಗಳಿದ್ದರೆ ಅವನ್ನು ಸಾಮಾನ್ಯವಾಗಿ ಈ ವ್ಯತ್ಯಾಸ ಲೆಕ್ಕ ಹಾಕಿಯೇ ಬರೆದಿರುತ್ತಾರೆ, ಅಲ್ಲಿ ನೇರವಾಗಿ 66ಕ್ಕೆ ಇಡಿ.

ಇದೆಲ್ಲ ನಿಜವಾಗಬೇಕಾದರೆ ಕಂಬ ನೆಟ್ಟಗಿರಬೇಕು. ಕಂಬವೇ ಒಂದು ಕಡೆ ವಾಲಿದ್ದರೆ ಡಿಶ್ಶನ್ನು ಎಡಬಲಕ್ಕೆ ತಿರುಗಿಸಿದಂತೆ ಎತ್ತರವೂ ಬದಲಾಗುತ್ತಾ ಹೋಗುತ್ತದೆ, ಹುಡುಕಿ ಹುಡುಕಿ ಸುಸ್ತಾಗುತ್ತದೆ. ಗಾರೆ ಕೆಲಸದವರ ರಸಮಟ್ಟವನ್ನು ಕಂಬಕ್ಕೆ ಎರಡು ಪಕ್ಕದಿಂದ ಹಿಡಿದು ನೋಡಿ ಬೋಲ್ಟ್ ಬಿಗಿ ಮಾಡಿ.

## ಮುಂದೆ ತೆಂಗಿನಮರ ಇದೆ, ಅಡ್ಡ ಬರುತ್ತಾ?

ನಮ್ಮ ಕಡೆ ಉಪಗ್ರಹ ತುಂಬಾ ಎತ್ತರದಲ್ಲಿರುವುದರಿಂದ ದೂರದ ಮರ, ಕಟ್ಟಡ ಅಡ್ಡ ಬರುವುದಿಲ್ಲ. ಬೆಂಗಳೂರಿನ ಕೋನಕ್ಕೆ, ಡಿಶ್‌ನಿಂದ 3 ಮೀಟರ್ ದೂರದಲ್ಲಿರುವ ಗೋಡೆ ಡಿಶ್‌ಗಿಂತ ಆರೂವರೆ ಮೀಟರ್ ಎತ್ತರ ಇದ್ದರೂ ಸಿಗ್ನಲ್ ಅದರ ಮೇಲಿನಿಂದ ಬರುತ್ತದೆ. ಶಿರಸಿಯ ಕೋನಕ್ಕೆ, ಡಿಶ್‌ಗಿಂತ 10 ಮೀಟರ್ ಎತ್ತರದ ಅಡಿಕೆಮರ ಐದೂಕಾಲು ಮೀಟರ್‌ಗಿಂತ ಆಚೆ ಇರಬೇಕು. ತಲೆ ಮೇಲೆ ಚಾಚಿರುವ ಸೋಗೆ, ಸಜ್ಜಾ, ತಗಡಿನ ಶೀಟು ಇವೇ ನಿಜವಾದ ಅಡ್ಡಿ. ಬೇಸಿಗೆಯಲ್ಲಿ ಚೆನ್ನಾಗಿ ಬರುತ್ತಿದ್ದು, ಮಳೆ ಶುರುವಾಗಿ ಎಲೆ ಚಿಗುರಿದ ಮೇಲೆ ಕೆಟ್ಟರೆ ತಲೆ ಎತ್ತಿ ಕೊಂಬೆ ನೋಡಿ.

## ಮೆನುವಿನಲ್ಲಿ ಏನೇನು ಇಡಬೇಕು?

ಬಾಕ್ಸ್‌ನ `Installation` ಅಥವಾ `Antenna Setup` ತೆರೆಯಿರಿ. ಹೆಸರುಗಳು ಬಾಕ್ಸ್‌ನಿಂದ ಬಾಕ್ಸ್‌ಗೆ ಸ್ವಲ್ಪ ಬೇರೆ ಇರುತ್ತವೆ, ವಿಷಯ ಇಷ್ಟೇ:

```
Satellite : GSAT-15 (93.5E)
LNB Type  : 9750/10600
LNB Power : On
22K       : Auto
DiSEqC    : Off
TP        : 11090 V 29500
```

ಉಪಗ್ರಹದ ಪಟ್ಟಿಯಲ್ಲಿ ಜಿಸ್ಯಾಟ್-15 ಇಲ್ಲದೆ `INSAT-4B 93.5E` ಅಂತ ಇದ್ದರೆ ಅದನ್ನೇ ಆರಿಸಿ. ಅದೇ ಜಾಗದಲ್ಲಿ ಮೊದಲು ಇದ್ದ ಉಪಗ್ರಹ ಅದು. `TP` ಅನ್ನುವುದು ಒಂದು ಗುಂಪು ಚಾನೆಲ್‌ಗಳನ್ನು ಹೊತ್ತು ತರುವ ತರಂಗ. ಎಲ್ಲ ಚಾನೆಲ್ ಒಂದರಲ್ಲೇ ಬರುವುದಿಲ್ಲ. ಡಿಶ್ ಹೊಂದಿಸುವಾಗ ಒಂದನ್ನು ಮಾತ್ರ ಗುರಿ ಇಟ್ಟುಕೊಳ್ಳಬೇಕು. ಈ ವಿವರಗಳು ಆಗಾಗ ಬದಲಾಗುವುದರಿಂದ, ಮೇಲಿನದರಲ್ಲಿ ಏನೂ ಸಿಗದಿದ್ದರೆ ಬಾಕ್ಸ್‌ನಲ್ಲೇ ಇರುವ ಬೇರೆ `TP` ಆರಿಸಿ ಇನ್ನೊಂದು ಸುತ್ತು ನೋಡಿ.

## Strength 75 ಇದೆ, Quality ಮಾತ್ರ 0. ಸಿಗ್ನಲ್ ಬಂದಿದೆ ಅಂತ ಅರ್ಥ ಅಲ್ವಾ?

ಅಲ್ಲ. ಎಲ್‌ಎನ್‌ಬಿಗೆ ಕರೆಂಟ್ ಹೋಗುತ್ತಿದೆ, ಕೇಬಲ್ ಸರಿಯಾಗಿದೆ ಅಂತ ಮಾತ್ರ ಅರ್ಥ. ಡಿಶ್ಶನ್ನು ಗೋಡೆ ಕಡೆ ತಿರುಗಿಸಿ ಇಟ್ಟರೂ `Strength` ಅಷ್ಟೇ ತೋರಿಸುತ್ತಿರುತ್ತದೆ. ಉಪಗ್ರಹ ಸಿಕ್ಕಿದೆ ಅಂತ ಹೇಳುವುದು `Quality` ಒಂದೇ. ಅದು ಸೊನ್ನೆ ಇರುವವರೆಗೆ ಸ್ಕ್ಯಾನ್ ಬಟನ್ ಮುಟ್ಟಲೇಬೇಡಿ.

`Strength` ಕೂಡ ಸೊನ್ನೆ ಇದ್ದರೆ ತೊಂದರೆ ಕೇಬಲ್‌ನಲ್ಲೋ, ಅದರ ತುದಿಯಲ್ಲೋ, ಎಲ್‌ಎನ್‌ಬಿಯಲ್ಲೋ ಇದೆ. ಆಗ ಡಿಶ್ ತಿರುಗಿಸಿ ಉಪಯೋಗವಿಲ್ಲ.

ಹುಡುಕುವ ಕ್ರಮ ಹೀಗೆ. ಎತ್ತರದ ಕೋನ ಮೊದಲು ಇಟ್ಟು ಬಿಗಿ ಮಾಡಿ. ಕಂಬದ ಬೋಲ್ಟ್ ಸ್ವಲ್ಪ ಸಡಿಲ ಇರಲಿ. ಗುರುತು ಇಟ್ಟ ದಿಕ್ಕಿಗಿಂತ ಹದಿನೈದು ಡಿಗ್ರಿ ಎಡಕ್ಕೆ ತಿರುಗಿಸಿಕೊಂಡು, ಅಲ್ಲಿಂದ ಅರ್ಧರ್ಧ ಸೆಂಟಿಮೀಟರ್ ಬಲಕ್ಕೆ ಬನ್ನಿ. ಪ್ರತಿ ಸಲ ನಿಲ್ಲಿಸಿ ಮೂರು ಎಣಿಸಿ, ಯಾಕೆಂದರೆ ಬಾಕ್ಸ್‌ಗೆ ಸಿಗ್ನಲ್ ಹಿಡಿಯಲು ಒಂದೆರಡು ಸೆಕೆಂಡ್ ಬೇಕು ಮತ್ತು ಅವಸರದಲ್ಲಿ ತಿರುಗಿಸುವವರು ಉಪಗ್ರಹದ ಮೇಲೆ ಹಾದುಹೋಗಿದ್ದರೂ ಅದು ಗೊತ್ತೇ ಆಗುವುದಿಲ್ಲ. ಒಂದು ಸುತ್ತಿನಲ್ಲಿ ಸಿಗದಿದ್ದರೆ ಎತ್ತರ ಎರಡು ಡಿಗ್ರಿ ಏರಿಸಿ ಇನ್ನೊಂದು ಸುತ್ತು, ಆಮೇಲೆ ಎರಡು ಡಿಗ್ರಿ ಇಳಿಸಿ ಮತ್ತೊಂದು. ಕೆಳಗಿರುವವರು ಟಿವಿ ಮುಂದೆ ಫೋನ್ ಇಟ್ಟು ವಿಡಿಯೋ ಕಾಲ್ ಮಾಡಿದರೆ ಮಾಳಿಗೆಯಿಂದಲೇ ಮೀಟರ್ ಕಾಣುತ್ತದೆ. "ಬಂತಾ?" "ಹೋಯ್ತು!" ಅಂತ ಕೂಗಾಡುವುದು ತಪ್ಪುತ್ತದೆ.

## Quality ಬಂತು, ಆದರೆ 25–30ಕ್ಕೇ ನಿಂತಿದೆ.

ಈಗ ಎಲ್‌ಎನ್‌ಬಿ ತಿರುಗಿಸಿ. ಸಿಗ್ನಲ್ ಅಡ್ಡ, ನೇರ ಅಂತ ಎರಡು ಥರ ಬರುತ್ತದೆ, ಮೇಲಿನ `V` ಅಂದರೆ ನೇರದ್ದು. ನಾವು ಉಪಗ್ರಹಕ್ಕಿಂತ ಪಶ್ಚಿಮಕ್ಕೆ ಇರುವುದರಿಂದ ನಮಗೆ ಅದು ಓರೆಯಾಗಿ ಬಂದು ಮುಟ್ಟುತ್ತದೆ. ದಕ್ಷಿಣಕ್ಕೆ ಬಂದಷ್ಟೂ ಈ ಓರೆ ಜಾಸ್ತಿ. ಎಲ್‌ಎನ್‌ಬಿಯನ್ನು ಕಂಪನಿಯಿಂದ ಬಂದ ಹಾಗೆ ನೆಟ್ಟಗೆ ಇಟ್ಟರೆ ಸಿಗ್ನಲ್ ಅರ್ಧ ಪೋಲಾಗುತ್ತದೆ. ಕ್ಲಿಪ್ ಸಡಿಲ ಮಾಡಿ ಒಂದು ಕಡೆಗೆ ನಿಧಾನವಾಗಿ ತಿರುಗಿಸಿ ಮೀಟರ್ ನೋಡಿ, ಕಡಿಮೆಯಾದರೆ ಇನ್ನೊಂದು ಕಡೆಗೆ. ಏರಿ ಏರಿ ಇಳಿಯಲು ಶುರುವಾದಾಗ ಹಿಂದಕ್ಕೆ ಬಂದು ಅಲ್ಲೇ ಬಿಗಿ ಮಾಡಿ. ಬೋಲ್ಟ್ ಬಿಗಿ ಮಾಡುವಾಗಲೇ ಡಿಶ್ ಒಂಚೂರು ಜರುಗುತ್ತದೆ. ಅದಕ್ಕೆ ಒಂದೇ ಬೋಲ್ಟನ್ನು ಪೂರ್ತಿ ತಿರುಗಿಸದೆ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಬಿಗಿಯುತ್ತಾ ಬನ್ನಿ.

## ಎಲ್ಲ ಸರಿಯಾಗಿ ಮಾಡಿದರೂ ಸಿಗಲಿಲ್ಲ. ಈಗೇನು?

ಶಿರಸಿ ಹತ್ತಿರದ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಹೀಗೇ ಆಗಿತ್ತು. ಡಿಶ್ ಹಾಕಿದವರು ಎರಡು ದಿನ ನೋಡಿ "ನಿಮ್ಮ ತೋಟದಲ್ಲಿ ಸಿಗ್ನಲ್ ಇಲ್ಲ" ಅಂದು ಹೋಗಿದ್ದರು. ನಾನು ಹೋದಾಗ `Strength` 72ಕ್ಕೂ ಸೊನ್ನೆಗೂ ನಡುವೆ ಕುಣಿಯುತ್ತಿತ್ತು. ಅದು ಹಾಗೆ ಕುಣಿಯಬಾರದು. ಎಲ್‌ಎನ್‌ಬಿ ತುದಿಯ ಕನೆಕ್ಟರ್ ಬಿಚ್ಚಿ ನೋಡಿದರೆ ಹೊರಜಾಲರಿಯ ಒಂದು ಎಳೆ, ಕೂದಲಷ್ಟು ತೆಳು, ನಡುವಿನ ತಂತಿಗೆ ತಾಗುತ್ತಿತ್ತು. ಗಾಳಿಗೆ ಕೇಬಲ್ ಅಲ್ಲಾಡಿದಾಗೆಲ್ಲ ಶಾರ್ಟ್. ಬಾಕ್ಸಿನ ಪ್ಲಗ್ ತೆಗೆದು, ತುದಿ ಕತ್ತರಿಸಿ ಹೊಸದಾಗಿ ಸುಲಿದೆ. ಜಾಲರಿಯನ್ನು ಪೂರ್ತಿ ಹಿಂದಕ್ಕೆ ಮಡಚಿ, ನಡುವಿನ ತಾಮ್ರ ಕನೆಕ್ಟರ್‌ನಿಂದ ಎರಡು ಮೂರು ಮಿಲಿಮೀಟರ್ ಮುಂದೆ ಕಾಣುವಂತೆ ಕೂರಿಸಿದೆ. `Strength` 74ಕ್ಕೆ ನಿಂತಿತು.

ಆಮೇಲೆ ಡಿಶ್ ಸರದಿ. ಅದನ್ನು ನೇರ ಪೂರ್ವಕ್ಕೆ ನಿಲ್ಲಿಸಿದ್ದರು. 127ಕ್ಕೆ ತಂದೆ, ಮುಖದ ವಾಲು 38 ಮಾಡಿದೆ, ಅಂದರೆ 62ರಲ್ಲಿ 24 ಕಳೆದು. ಎರಡನೇ ಸುತ್ತಿನಲ್ಲಿ `Quality` 41 ಬಂತು. ಸ್ಕ್ಯಾನ್ ಮಾಡಿದರೆ ಚಾನೆಲ್‌ಗಳು ಬಂದವು, ಆದರೆ ಎಲ್ಲದರ ಪಕ್ಕದಲ್ಲೂ `$` ಗುರುತು. ಅಂದರೆ ಬೀಗ ಹಾಕಿದ ಚಾನೆಲ್‌ಗಳು, ನಾನು ಹಿಡಿದದ್ದು ಪಕ್ಕದ 95 ಡಿಗ್ರಿಯನ್ನು. ಡಿಶ್‌ನ ಹಿಂದೆ ನಿಂತು ಒಂದು ಸೆಂಟಿಮೀಟರ್ ಬಲಕ್ಕೆ, ಸ್ವಲ್ಪ ಮೇಲಕ್ಕೆ ಸರಿಸಿದೆ. ಮೀಟರ್ ಸೊನ್ನೆಗೆ ಬಿದ್ದು ಮತ್ತೆ ಎದ್ದಿತು. ಎಲ್‌ಎನ್‌ಬಿ ತಿರುಗಿಸಿದ ಮೇಲೆ 68. ಈ ಸಲದ ಸ್ಕ್ಯಾನ್‌ನಲ್ಲಿ ಚಂದನ ಇತ್ತು. "ತೋಟದಲ್ಲಿ ಸಿಗ್ನಲ್ ಇಲ್ಲ ಅಂದಿದ್ರಲ್ಲೋ ಅವರು" ಅಂತ ಚಿಕ್ಕಮ್ಮ ಟಿವಿ ಮುಂದೆ ನಿಂತೇ ಇದ್ದರು, ಕೂರಲಿಲ್ಲ.

## ಸ್ಕ್ಯಾನ್‌ನಲ್ಲಿ ಮೂರು ಥರ ಇದೆ. ಯಾವುದು ಒತ್ತಬೇಕು?

`Quality` ಸರಿಯಾಗಿ ಬಂದ ಮೇಲೆ `Auto Scan` ಸಾಕು. `Network` ಅಂತ ಆಯ್ಕೆ ಇದ್ದರೆ `On` ಮಾಡಿ, ಆಗ ಬಾಕ್ಸ್ ತನ್ನ ಪಟ್ಟಿಯಲ್ಲಿ ಇಲ್ಲದ ಹೊಸ ತರಂಗಗಳನ್ನೂ ಉಪಗ್ರಹದಿಂದಲೇ ಕೇಳಿ ತಿಳಿದುಕೊಳ್ಳುತ್ತದೆ. `FTA Only` ಇಟ್ಟರೆ ಬೀಗ ಹಾಕಿದವು ಪಟ್ಟಿಗೆ ಸೇರುವುದಿಲ್ಲ. ಬಾಕ್ಸ್ ಹಳೆಯದಾಗಿ ಅದರ ಪಟ್ಟಿಯೂ ಹಳತಾಗಿದ್ದರೆ `Blind Scan` ಒತ್ತಿ. ಸಮಯ ಹಿಡಿಯುತ್ತದೆ, ಆದರೆ ಯಾವ ಪಟ್ಟಿಯನ್ನೂ ನಂಬದೆ ಇರುವುದನ್ನೆಲ್ಲ ಹುಡುಕುತ್ತದೆ.

ಚಂದನ ಹಿಂದೆ ಬರುತ್ತಿತ್ತು, ಈಗ "ನೋ ಸಿಗ್ನಲ್", ಉಳಿದವು ಚೆನ್ನಾಗಿವೆ ಅಂದರೆ ಅದು ಬೇರೆ ತರಂಗಕ್ಕೆ ಹೋಗಿರಬಹುದು. ಡಿಶ್ ಮುಟ್ಟಬೇಡಿ. ಮೊದಲು `Delete All` ಮಾಡಿ, ಆಮೇಲೆ ಹೊಸ ಸ್ಕ್ಯಾನ್. ಅಳಿಸದೆ ಮಾಡಿದರೆ ಸತ್ತ ಹಳೇ ಚಂದನ ಒಂದು ನಂಬರ್‌ನಲ್ಲೇ ಉಳಿದು, ಹೊಸದು ಪಟ್ಟಿಯ ಕೊನೆಗೆಲ್ಲೋ ಸೇರುತ್ತದೆ. ಸಿಕ್ಕಿದ ತಕ್ಷಣ ಅದನ್ನು `FAV` ಪಟ್ಟಿಗೆ ಹಾಕಿ, ಮನೆಯ ಹಿರಿಯರು ನಂಬರ್ ನೆನಪಿಡಬೇಕಾಗಿಲ್ಲ.

## ನಾವು ಮುಂಬೈಯಲ್ಲಿದ್ದೇವೆ. ಅಲ್ಲಿ ಚಂದನ ಬರುತ್ತಾ?

ಬರುತ್ತದೆ. ಚಂದನಕ್ಕೆ ಕರ್ನಾಟಕದ ಗಡಿ ಇಲ್ಲ. ಕೋನ ಮಾತ್ರ ಬೇರೆ: ಮುಂಬೈಗೆ 131 ಮತ್ತು 57, ದೆಹಲಿಗೆ 149 ಮತ್ತು 52. ಉತ್ತರಕ್ಕೆ ಹೋದಷ್ಟೂ ಡಿಶ್ ಹೆಚ್ಚು ನೆಟ್ಟಗೆ ನಿಲ್ಲುತ್ತದೆ.

## ಮಳೆ ಬಂದರೆ ಹೋಗಿಬಿಡುತ್ತದೆ. ಇದಕ್ಕೆ ಏನಾದರೂ ಇದೆಯಾ?

ಈ ಕೆಯು ಬ್ಯಾಂಡ್ ತರಂಗವನ್ನು ಜೋರು ಮಳೆ ಹೀರಿಕೊಳ್ಳುತ್ತದೆ, ಪೂರ್ತಿ ತಪ್ಪಿಸಲು ಆಗುವುದಿಲ್ಲ. ಆದರೆ ಬಿಸಿಲಿನಲ್ಲಿ `Quality` 35 ಇರುವ ಮನೆಯಲ್ಲಿ ಸಣ್ಣ ಮಳೆಗೇ ಹೋಗುತ್ತದೆ, 70 ಇರುವ ಮನೆಯಲ್ಲಿ ಜಡಿಮಳೆಗೆ ಮಾತ್ರ. ಮಲೆನಾಡು, ಕರಾವಳಿಯವರು 60ರ ಬದಲು 90 ಸೆಂಟಿಮೀಟರ್ ಡಿಶ್ ಹಾಕಿದರೆ ಒಳ್ಳೆಯದು. ಮಳೆ ನಿಂತು ಎರಡು ದಿನ ಆದರೂ ಬರದಿದ್ದರೆ ಕನೆಕ್ಟರ್ ಒಳಗೆ ನೀರು ಹೋಗಿರಬಹುದು. ಹೊಸ ಕನೆಕ್ಟರ್ ಹಾಕಿ, ಎಲ್‌ಎನ್‌ಬಿ ಕೆಳಗೆ ಕೇಬಲ್ ಒಂದು ಜೋಲು ಬಿಟ್ಟು ಕಟ್ಟಿ, ನೀರು ಅಲ್ಲೇ ತೊಟ್ಟಿಕ್ಕಿ ಬೀಳಲಿ. ಗುಡುಗು ಕೇಳಿದಾಗ ಬಾಕ್ಸಿನ ಪ್ಲಗ್ ತೆಗೆಯಿರಿ, ಹಿಂದಿನ ಕೇಬಲ್ಲನ್ನೂ ಬಿಚ್ಚಿಡಿ. ಸಿಡಿಲಿನ ಹೊಡೆತ ಡಿಶ್ ಕೇಬಲ್‌ನಿಂದಲೂ ಬರುತ್ತದೆ.

## ಮಳೆ ಮೋಡ ಏನೂ ಇಲ್ಲ, ಆದರೂ ದಿನಾ ಒಂದೇ ಹೊತ್ತಿಗೆ ಕೆಲವು ನಿಮಿಷ ಹೋಗುತ್ತದೆ.

ಮಾರ್ಚ್ ಮಧ್ಯದಲ್ಲೋ ಸೆಪ್ಟೆಂಬರ್ ಕೊನೆಯಲ್ಲೋ, ಬೆಳಿಗ್ಗೆ ಹನ್ನೊಂದರ ಆಸುಪಾಸು ಆಗುತ್ತಿದ್ದರೆ ಅದಕ್ಕೆ ಸೂರ್ಯ ಕಾರಣ. ಆ ಕೆಲವು ದಿನ ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬರುತ್ತಾನೆ, ಅವನ ಗದ್ದಲದಲ್ಲಿ ಸಿಗ್ನಲ್ ಕೇಳಿಸುವುದಿಲ್ಲ. ಏನೂ ಮುಟ್ಟಬೇಡಿ, ತಾನಾಗಿ ಸರಿಹೋಗುತ್ತದೆ. ಹೊಸದಾಗಿ ಡಿಶ್ ಹಾಕುವ ಯೋಚನೆ ಇದ್ದರೆ ಆ ನಿಮಿಷಗಳಲ್ಲಿ ಮಾಳಿಗೆ ಹತ್ತಿ ನೋಡಿ. ಸೂರ್ಯ ಆಗ ಇರುವ ಜಾಗವೇ ಉಪಗ್ರಹದ ಜಾಗ. ಎಲ್ಲಿ ಬಿಸಿಲು ಬಿದ್ದಿದೆಯೋ ಅಲ್ಲಿ ಕಂಬ ನೆಡಬಹುದು, ಎಲ್ಲಿ ಮರದ ನೆರಳಿದೆಯೋ ಅಲ್ಲಿ ಬೇಡ.